ಪತ್ರ ತಿದ್ದುವುದೋ, ಫೋನ್ ಮಾಡುವುದೋ

ಪಟ್ಟಣ ಸಹಕಾರ ಬ್ಯಾಂಕುಗಳ ಶಾಖೆಗಳಿಂದ ಕಂತು ಬಾಕಿಯ ಪತ್ರಗಳು ಕಟ್ಟುಕಟ್ಟಾಗಿ ಹೊರಡುತ್ತವೆ. ಹೆಸರು, ಮೊತ್ತ, ಕೊನೆಯ ದಿನಾಂಕ ಬದಲಾದರೆ ಸಾಕು, ಹೆಚ್ಚಿನವು ಒಂದೇ ಅಚ್ಚಿನವು. ಒಂದೆರಡು ಮಾತ್ರ ಗುಮಾಸ್ತರ ಮೇಜಿನಲ್ಲೇ ಉಳಿದುಬಿಡುತ್ತವೆ.

ವರ್ಷಗಟ್ಟಲೆ ತಪ್ಪದೆ ಕಟ್ಟಿದ ದಿನಸಿ ಅಂಗಡಿಯವರೊಬ್ಬರು ಎರಡು ಕಂತು ಬಿಟ್ಟಿದ್ದಾರೆ ಎನ್ನಿ. ಮೊದಲ ಕರಡು ಬಿರುಸಾಯಿತು, ತಿದ್ದಿದಾಗ ಸಪ್ಪೆಯಾಯಿತು. ಮೂರನೆಯದರಲ್ಲಿ ‘ಅನಾರೋಗ್ಯವಿದ್ದರೆ’, ‘ವ್ಯಾಪಾರ ಕುಸಿದಿದ್ದರೆ’ ಎಂಬ ಊಹೆಗಳು ಸೇರಿಕೊಂಡವು. ಕಾರಣವೇ ಗೊತ್ತಿಲ್ಲದಾಗ ಭಾಷೆಯನ್ನು ಎಷ್ಟು ನಯಗೊಳಿಸಿದರೂ ವ್ಯರ್ಥ. ಹೀಗೆ ‘ಇದ್ದರೆ’ಗಳು ಹೆಚ್ಚಿದ ಪತ್ರವನ್ನು ಪಕ್ಕಕ್ಕಿಟ್ಟು ಫೋನ್ ಮಾಡಬೇಕು. ‘ಏನಾಯ್ತು ಸ್ವಾಮಿ, ಎರಡು ತಿಂಗಳಿಂದ ಕಂತು ಬಂದಿಲ್ಲವಲ್ಲ?’ ಎಂದು ಕೇಳಿದರೆ, ಅಂಗಡಿಯ ಮುಂದಿನ ರಸ್ತೆ ಅಗೆದು ಗಿರಾಕಿಗಳು ಬರುತ್ತಿಲ್ಲವೆಂಬುದೂ ಸದ್ಯಕ್ಕೆ ಅರ್ಧ ಕಂತು ಕಟ್ಟಬಲ್ಲರೆಂಬುದೂ ಐದೇ ನಿಮಿಷದಲ್ಲಿ ತಿಳಿಯಬಹುದು.

ಒಪ್ಪಿಕೊಂಡ ಮೊತ್ತ, ದಿನಾಂಕ ಬರೆದ ಎರಡು ಸಾಲು ಅದೇ ದಿನ ಅವರಿಗೆ ಹೋಗಬೇಕು. ಇಲ್ಲವಾದರೆ ಮುಂದೆ ‘ನಾನು ಹಾಗಂದಿರಲಿಲ್ಲ’ ಎಂಬ ತಕರಾರು ಖಂಡಿತ. ವಸೂಲಿಯ ಕರೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಲ್ಲದೆಂದು ರಿಸರ್ವ್ ಬ್ಯಾಂಕ್ ವಸೂಲಿ ಏಜೆಂಟರಿಗೆ ಗಡಿ ಹಾಕಿದೆ. ಗುಮಾಸ್ತರೂ ಅದನ್ನೇ ಪಾಲಿಸುವುದು ಲೇಸು. ಸರ್ಫೇಸಿ ಕಾಯ್ದೆಯ 60 ದಿನಗಳ ನೋಟಿಸಿಗೆ ಮಾತ್ರ ಫೋನ್ ಬದಲಿಯಲ್ಲ, ಅದು ಲಿಖಿತವಾಗಿಯೇ ತಲುಪಬೇಕು.