ಹೆರಿಗೆ ರಜೆಗೆ ಮುನ್ನ ಒಂದು ನೋಟ್‌ಬುಕ್

ಸರ್ಕಾರಿ ಶಾಲೆಯ ನಲಿ-ಕಲಿ ಕೊಠಡಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕಲಿಕಾ ಏಣಿಯಲ್ಲಿ ಒಬ್ಬೊಬ್ಬರದು ಒಂದೊಂದು ಮೆಟ್ಟಿಲು. ಹೀಗಾಗಿ ಹೆರಿಗೆ ರಜೆಗೆ ಹೊರಟ ಶಿಕ್ಷಕಿ ‘ಇಷ್ಟು ಪಾಠ ಮುಗಿದಿದೆ’ ಎಂದು ಬರೆದಿಟ್ಟರೆ ಅತಿಥಿ ಶಿಕ್ಷಕಿಗೆ ಏನೂ ತಿಳಿಯದು.

ಪ್ರತಿ ಹೆಸರಿನ ಮುಂದೆ ಮಗು ತಲುಪಿದ ಮೈಲಿಗಲ್ಲು, ಮುಂದಿನ ಕಾರ್ಡು, ಕೂರುವ ಗುಂಪು ಇರಲಿ. ‘ಕಾರ್ಡು ಮುಗಿಸಿದ್ದಾಳೆ, ಆದರೆ ಒತ್ತಕ್ಷರ ಬಂದಾಗ ತಡವರಿಸುತ್ತಾಳೆ, ಮತ್ತೊಮ್ಮೆ ಓದಿಸಿ’ ಎಂಬ ಸಾಲು, ಗೋಡೆಯ ಪ್ರಗತಿ ನೋಟ ಹೇಳದ್ದನ್ನು ಹೇಳುತ್ತದೆ.

ಹಾಜರಿ, ಹಾಲು, ಬಿಸಿಯೂಟದ ದಿನಚರಿಗೆ ಒಂದು ಪುಟ ಸಾಕು. ಬಾಕಿ ಕೆಲಸಕ್ಕೆ ಮಾತ್ರ ಜಾಗ, ಗಡುವು ಎರಡೂ ಬೇಕು: ‘ತಿದ್ದದ 12 ಅಭ್ಯಾಸ ಪುಸ್ತಕ ಬೀರುವಿನಲ್ಲಿವೆ, ಶುಕ್ರವಾರದೊಳಗೆ ಮುಗಿಸಿ.’

ರಜೆಗೆ ಮುನ್ನ ಒಂದು ದಿನ ಇಬ್ಬರೂ ಜೊತೆಯಾಗಿ ತರಗತಿ ನಡೆಸಿ; ಬರೆಯಲು ಮರೆತದ್ದು ಅಂದೇ ಹೊರಬೀಳುತ್ತದೆ.