‘ಒಪ್ಪುತ್ತೀರಾ?’ ಎಂದು ನ್ಯಾಯಾಧೀಶರು ಕೇಳಿದಾಗ

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ‘ದಂಡ ಎಲ್ಲಿ ಕಟ್ಟಬೇಕು?’ ಎಂದು. ಹೆಲ್ಮೆಟ್ ಇಲ್ಲದ್ದಕ್ಕೋ ಸಿಗ್ನಲ್ ಜಿಗಿದದ್ದಕ್ಕೋ ಪೊಲೀಸರಿಗೇ ದಂಡ ಕಟ್ಟಿ ಕೈತೊಳೆದುಕೊಳ್ಳಬಹುದು. ಕುಡಿದು ಓಡಿಸಿದ್ದಕ್ಕೆ ಆ ದಾರಿ ಇಲ್ಲ. ಪೊಲೀಸರು ದಂಡ ಪಡೆದು ಮುಗಿಸಬಹುದಾದ ಅಪರಾಧಗಳನ್ನು ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪಟ್ಟಿ ಮಾಡುತ್ತದೆ. ಕುಡಿದು ಓಡಿಸುವುದರ 185ನೇ ಸೆಕ್ಷನ್ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಕೋರ್ಟಿಗೆ ಹೋಗಲೇಬೇಕು. ಬೆಂಗಳೂರಿನಲ್ಲಾದರೆ ಸಂಚಾರ ಪ್ರಕರಣಗಳಿಗೆಂದೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಿವೆ. ಬೇರೆ ಊರುಗಳಲ್ಲಿ ಸಾಮಾನ್ಯವಾಗಿ ಜೆಎಂಎಫ್‌ಸಿ ನ್ಯಾಯಾಲಯ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಶನಿವಾರ ರಾತ್ರಿ ಸ್ಕೂಟರಿನಲ್ಲಿ ಮನೆಗೆ ಹೊರಟ ಯುವಕನೊಬ್ಬನನ್ನು ಪೊಲೀಸರು ನಿಲ್ಲಿಸಿ ಊದಿಸುತ್ತಾರೆ. ಯಂತ್ರದ ಚೀಟಿಯಲ್ಲಿ 68 ಎಂದು ಬರುತ್ತದೆ, ಅಂದರೆ 100 ಮಿಲಿಲೀಟರ್ ರಕ್ತಕ್ಕೆ 68 ಮಿಲಿಗ್ರಾಂ ಆಲ್ಕೋಹಾಲ್. ಕಾನೂನಿನ ಮಿತಿ 30. ಅದನ್ನು ಮೀರಿದರೆ ಅಪರಾಧ. ಅವನ ಲೈಸೆನ್ಸನ್ನು ವಶಕ್ಕೆ ಪಡೆದು ರಸೀದಿ ಕೊಡುತ್ತಾರೆ. ವಿಮೆ ನವೀಕರಿಸಿ ಎರಡೇ ದಿನವಾಗಿದ್ದು, ಪೊಲೀಸರ ಪರದೆಯಲ್ಲಿ ಅದು ಕಾಣುವುದಿಲ್ಲ. ಹೀಗಾಗಿ 185ರ ಜೊತೆಗೆ ವಿಮೆ ಇಲ್ಲದೆ ಓಡಿಸಿದ 196ನೇ ಸೆಕ್ಷನ್ ಕೂಡ ಸೇರುತ್ತದೆ.

ಈ ಎರಡನೆಯ ಆರೋಪ ಬಹಳ ಜನರ ಕಣ್ಣಿಗೆ ಬೀಳುವುದೇ ಇಲ್ಲ. ನೋಟಿಸು ಕೈಗೆ ಬಂದೊಡನೆ ಅದರಲ್ಲಿ ಯಾವ ಯಾವ ಸೆಕ್ಷನ್ ಬರೆದಿದೆ ಎಂದು ಓದಬೇಕು. ಕೋರ್ಟಿನಲ್ಲಿ ಹೆದರಿಕೆಯಿಂದ ‘ಎಲ್ಲಾ ಒಪ್ಪುತ್ತೇನೆ’ ಎಂದುಬಿಟ್ಟರೆ, ವಿಮೆ ಇದ್ದವನೂ ಇಲ್ಲದವನಂತೆ ₹2,000 ದಂಡ ತೆರಬೇಕಾಗುತ್ತದೆ. ಆ ಆರೋಪಕ್ಕೆ ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಪಾಲಿಸಿಯ ಪ್ರತಿ ತೋರಿಸಿ ಆ ಆರೋಪವೊಂದನ್ನು ಬೇರೆಯಾಗಿ ನಿರಾಕರಿಸಬಹುದು. ಆದರೆ ಪಾಲಿಸಿ ಶುರುವಾದ ದಿನಾಂಕ, ಗಂಟೆ ಎರಡೂ ಪೊಲೀಸರು ಹಿಡಿದ ಸಮಯಕ್ಕಿಂತ ಮುಂಚಿನದಾಗಿರಬೇಕು. ಮರುದಿನ ಬೆಳಿಗ್ಗೆ ಮಾಡಿಸಿದ ವಿಮೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕಾಗದಪತ್ರದ ವಿಷಯಕ್ಕೆ ಬಂದರೆ, ನೋಟಿಸು ಅಥವಾ ಚಲನ್, ಊದಿಸಿದಾಗ ಕೊಟ್ಟ ಚೀಟಿ, ಲೈಸೆನ್ಸ್ ಪಡೆದದ್ದಕ್ಕೆ ಕೊಟ್ಟ ರಸೀದಿ, ಆರ್‌ಸಿ, ವಿಮೆ, ಎಮಿಷನ್ ಸರ್ಟಿಫಿಕೇಟ್ ಮತ್ತು ಆಧಾರ್ ಇಷ್ಟನ್ನೂ ಅಸಲು ಮತ್ತು ಜೆರಾಕ್ಸ್ ಎರಡೂ ಸೇರಿಸಿ ಒಂದು ಕವರಿನಲ್ಲಿ ಇಟ್ಟುಕೊಳ್ಳಿ. ರಸ್ತೆಯಲ್ಲಿ ಡಿಜಿಲಾಕರ್ ತೋರಿಸಿದರೆ ಸಾಕು. ಕೋರ್ಟಿನಲ್ಲಿ ಕಡತಕ್ಕೆ ಸೇರಿಸಲು ಕಾಗದವೇ ಬೇಕಾಗುತ್ತದೆ, ಆದ್ದರಿಂದ ಪ್ರಿಂಟ್ ತೆಗೆಸಿಕೊಂಡೇ ಹೋಗಿ. ಗಾಡಿ ಬೇರೆಯವರ ಹೆಸರಿನಲ್ಲಿದ್ದು ಠಾಣೆಯಲ್ಲೇ ನಿಂತಿದ್ದರೆ, ಬಿಡಿಸಿಕೊಳ್ಳಲು ಮಾಲೀಕರೇ ಬರುವುದು ಸುಲಭ. ಬರಲಾಗದಿದ್ದರೆ ಅವರ ಸಹಿಯಿರುವ ಪತ್ರ ಬೇಕು. ದಂಡದ ಮೊತ್ತಕ್ಕೆ ನಗದು ಜೊತೆಯಲ್ಲಿರಲಿ.

ಕಲಾಪ ಬೆಳಿಗ್ಗೆ 11ಕ್ಕೆ ಶುರುವಾಗುತ್ತದೆ, ಅರ್ಧ ಗಂಟೆ ಮುಂಚೆ ಅಲ್ಲಿರುವುದು ಒಳ್ಳೆಯದು. ಬಾಗಿಲ ಪಕ್ಕದಲ್ಲಿ ಅಂಟಿಸಿರುವ ಅಂದಿನ ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ ನೋಡಿಕೊಳ್ಳಿ. ಹೆಸರು ಕಾಣದಿದ್ದರೆ ಬೆಂಚ್ ಕ್ಲರ್ಕ್ ಬಳಿ ಕೇಳಿ. ಹೆಸರು ಕೂಗಿದಾಗ ಹೊರಗೆ ಚಹಾ ಕುಡಿಯುತ್ತಿದ್ದರೆ ಗೈರುಹಾಜರಿ ಎಂದು ಬರೆಯಬಹುದು. ಅದು ಮುಂದುವರಿದರೆ ವಾರಂಟ್ ಹೊರಡುತ್ತದೆ. ಗೇಟಿನ ಬಳಿ ‘ನಾನು ಒಳಗೆ ಮಾತಾಡಿ ಮುಗಿಸಿಕೊಡುತ್ತೇನೆ’ ಎಂದು ಬರುವವರ ಕೈಗೆ ದುಡ್ಡನ್ನಾಗಲಿ ಅಸಲು ಕಾಗದವನ್ನಾಗಲಿ ಕೊಡಬೇಡಿ. ವಕೀಲರನ್ನು ಇಡುವುದಾದರೆ ವಕಾಲತ್ತಿಗೆ ಸಹಿ ಹಾಕಿಯೇ ಇಡಿ. ಶಕ್ತಿಯಿಲ್ಲದವರು ಅದೇ ಆವರಣದ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು, 15100ಕ್ಕೆ ಕರೆಯನ್ನೂ ಮಾಡಬಹುದು.

ಕೂಗಿದ ಮೇಲೆ ನಡೆಯುವುದು ಕೆಲವೇ ನಿಮಿಷಗಳ ಮಾತು. ನ್ಯಾಯಾಧೀಶರು ಆರೋಪದ ಸಾರವನ್ನು ಹೇಳಿ, ‘ಒಪ್ಪುತ್ತೀರಾ?’ ಎಂದು ಕೇಳುತ್ತಾರೆ. ಅರ್ಥವಾಗದಿದ್ದರೆ ‘ಸ್ವಾಮಿ, ಇನ್ನೊಮ್ಮೆ ಹೇಳಿ’ ಎನ್ನುವುದರಲ್ಲಿ ತಪ್ಪೇನಿಲ್ಲ. ಆರೋಪಿ ಆಡಿದ ಮಾತನ್ನು ಸಾಧ್ಯವಾದಷ್ಟೂ ಅವನ ಮಾತಿನಲ್ಲೇ ಬರೆದುಕೊಳ್ಳಬೇಕೆಂದು ಕಾನೂನು ಹೇಳುತ್ತದೆ. ಆದ್ದರಿಂದ ಆ ಒಂದೆರಡು ವಾಕ್ಯಗಳಿಗೆ ಬಹಳ ತೂಕವಿದೆ. ‘ಒಪ್ಪುತ್ತೇನೆ ಸ್ವಾಮಿ, ಇದು ಮೊದಲ ಸಲ, ಮನೆಯಲ್ಲಿ ದುಡಿಯುವವನು ನಾನೊಬ್ಬನೇ’ ಎಂದರೆ ಅದು ತಪ್ಪೊಪ್ಪಿಗೆ ಮತ್ತು ಶಿಕ್ಷೆಯಲ್ಲಿ ಕರುಣೆಯ ಕೋರಿಕೆ. ‘ಒಪ್ಪುತ್ತೇನೆ, ಆದರೆ ಗಾಡಿ ಓಡಿಸುತ್ತಿದ್ದವನು ನನ್ನ ಸ್ನೇಹಿತ’ ಎಂದರೆ ಅದು ತಪ್ಪೊಪ್ಪಿಗೆಯೇ ಅಲ್ಲ, ಏಕೆಂದರೆ ಓಡಿಸಿದ್ದನ್ನೇ ನಿರಾಕರಿಸಿದಂತಾಯಿತು. ಹಾಗಿದ್ದರೆ ‘ಒಪ್ಪುವುದಿಲ್ಲ’ ಎಂದೇ ಹೇಳಬೇಕು.

ಒಪ್ಪಿದರೆ ಅದೇ ದಿನ ತೀರ್ಮಾನವಾಗಬಹುದು. ಮೊದಲ ಸಲಕ್ಕೆ ₹10,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜನ ಮರೆಯುವುದು ಇದರ ಆಚೆಗಿನದನ್ನು. 185ರಲ್ಲಿ ಶಿಕ್ಷೆಯಾದರೆ ಲೈಸೆನ್ಸನ್ನು ಕನಿಷ್ಠ ಆರು ತಿಂಗಳು ಅನರ್ಹಗೊಳಿಸಬೇಕೆಂದು 20ನೇ ಸೆಕ್ಷನ್ ಹೇಳುತ್ತದೆ. ಪೊಲೀಸರು ವಶಪಡಿಸಿಕೊಂಡ ಲೈಸೆನ್ಸ್ ಕೂಡ ಆರ್‌ಟಿಒಗೆ ಹೋಗುತ್ತದೆ. ಕ್ಯಾಬ್, ಆಟೊ ಓಡಿಸಿ ಬದುಕುವವರಿಗೆ ದಂಡಕ್ಕಿಂತ ದೊಡ್ಡ ಪೆಟ್ಟು ಇದೇ. ಮತ್ತೊಮ್ಮೆ ಸಿಕ್ಕಿಬಿದ್ದರೆ ₹15,000 ಮತ್ತು ಎರಡು ವರ್ಷದವರೆಗಿನ ಜೈಲಿನ ಲೆಕ್ಕ. ಒಪ್ಪಿದ ಮೇಲೆ ಮೇಲ್ಮನವಿಯಲ್ಲಿ ‘ನಾನು ಕುಡಿದಿರಲಿಲ್ಲ’ ಎನ್ನಲು ಜಾಗ ಉಳಿಯುವುದಿಲ್ಲ.

ಒಪ್ಪದಿದ್ದರೆ ವಿಚಾರಣೆ ನಡೆಯುತ್ತದೆ. ದಿನಾಂಕಗಳು ಬೀಳುತ್ತವೆ, ಹಿಡಿದ ಅಧಿಕಾರಿ ಸಾಕ್ಷಿ ಹೇಳುತ್ತಾರೆ, ನಿಮ್ಮ ಕಡೆಯಿಂದ ಪಾಟೀಸವಾಲು ಆಗುತ್ತದೆ. ಸುಮ್ಮನೆ ಕಾಲ ತಳ್ಳಲು ಈ ದಾರಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ, ಕುಡಿದು ಓಡಿಸಿದವನಿಗೆ ಅದರಿಂದ ಸಿಗುವುದು ಕೂಲಿ ತಪ್ಪಿದ ದಿನಗಳು ಮಾತ್ರ. ಆದರೆ ನಿಜವಾದ ಕಾರಣವಿದ್ದರೆ ಹಿಂಜರಿಯಬಾರದು. ಚೀಟಿಯಲ್ಲಿ ವಾಹನದ ಸಂಖ್ಯೆ, ಸಮಯ, ಹೆಸರು ಸರಿಯಾಗಿವೆಯೇ ನೋಡಿ. ಬಾಯಿ ಮುಕ್ಕಳಿಸುವ ಔಷಧಿಯಲ್ಲಿ ಆಲ್ಕೋಹಾಲ್ ಇದ್ದು ಆಗತಾನೇ ಬಳಸಿದ್ದರೆ ಯಂತ್ರ ಹೆಚ್ಚು ತೋರಿಸಬಹುದು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದು ಇಳಿಯುತ್ತದೆ. ಅಂಥವರು ಆ ರಾತ್ರಿಯೇ ಮತ್ತೊಮ್ಮೆ ಊದಿಸುವಂತೆ, ರಕ್ತಪರೀಕ್ಷೆ ಮಾಡಿಸುವಂತೆ ಕೇಳಬೇಕು. ರಕ್ತದಲ್ಲಿನ ಆಲ್ಕೋಹಾಲ್ ಗಂಟೆಗೆ 15–20 ಮಿಲಿಗ್ರಾಂನಂತೆ ಕರಗುತ್ತಾ ಹೋಗುವುದರಿಂದ ಮರುದಿನದ ವರದಿಗೆ ಬೆಲೆಯಿಲ್ಲ.

ನಮ್ಮ ಸ್ಕೂಟರಿನ ಯುವಕ 185ನ್ನು ಒಪ್ಪಿ, 196ನ್ನು ನಿರಾಕರಿಸಿ ಪಾಲಿಸಿ ತೋರಿಸಿದರೆ ಅದು ನೇರವಾದ ದಾರಿ. ದಂಡಕ್ಕೆ ಅಷ್ಟು ಹಣ ಕೈಯಲ್ಲಿಲ್ಲವೆಂದರೆ ಅಲ್ಲೇ ಕಾಲಾವಕಾಶ ಕೇಳಬೇಕು. ಬರೀ ದಂಡದ ಶಿಕ್ಷೆಯಾಗಿದ್ದರೆ 30 ದಿನದವರೆಗೆ ಸಮಯ ಇಲ್ಲವೇ ಕಂತು ಕೊಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಕಟ್ಟಿದ ರಸೀದಿಯಲ್ಲಿ ಪ್ರಕರಣದ ಸಂಖ್ಯೆ ಸರಿಯಿದೆಯೇ ಎಂದು ಕೌಂಟರ್ ಬಿಡುವ ಮೊದಲೇ ನೋಡಬೇಕು. ಗಾಡಿ ಠಾಣೆಯಲ್ಲಿದ್ದರೆ ಅದೇ ರಸೀದಿ ಅಲ್ಲಿ ಬೇಕು. ಅನರ್ಹತೆಯ ಅವಧಿಯಲ್ಲಿ ಗಾಡಿ ಮುಟ್ಟಿದರೆ ಮತ್ತೆ ₹10,000 ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ಕೆಲವು ದಿನ ಬಿಟ್ಟು services.ecourts.gov.in ತಾಣದಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ, ಪ್ರಕರಣ ಮುಕ್ತಾಯ ಎಂದು ತೋರಿಸುತ್ತಿದೆಯೇ ನೋಡಿ. ಇನ್ನೂ ಬಾಕಿ ಎಂದಿದ್ದರೆ ರಸೀದಿ ಹಿಡಿದು ಅದೇ ಬೆಂಚ್ ಕ್ಲರ್ಕ್ ಬಳಿಗೆ ಹೋಗಿ ಸರಿಪಡಿಸಿಕೊಳ್ಳಬೇಕು.