ಮೊಟ್ಟೆ ಲೆಕ್ಕದ ಶೀಟು ಮತ್ತು ಹಿರಿಯ ಮೇಷ್ಟ್ರುಗಳು

ಕ್ಲಸ್ಟರ್‌ನ ವಾಟ್ಸ್‌ಆ್ಯಪ್ ಗುಂಪಿಗೆ ಸಿಆರ್‌ಪಿ ಒಂದು ಗೂಗಲ್ ಶೀಟಿನ ಲಿಂಕ್ ಹಾಕುತ್ತಾರೆ. ಬಿಸಿಯೂಟದ ಜೊತೆ ಮೊಟ್ಟೆ ಎಷ್ಟು ಮಕ್ಕಳಿಗೆ, ಬಾಳೆಹಣ್ಣು ಎಷ್ಟು ಮಕ್ಕಳಿಗೆ, ಸಂಜೆಯೊಳಗೆ ತುಂಬಬೇಕು. ನಿವೃತ್ತಿಯ ಅಂಚಿನಲ್ಲಿರುವ ಎಷ್ಟೋ ಮುಖ್ಯ ಶಿಕ್ಷಕರು ಆಗ ಫೋನನ್ನು ಮಗಳ ಕೈಗೋ ಶಾಲೆಯ ಕಿರಿಯ ಶಿಕ್ಷಕಿಯ ಕೈಗೋ ಕೊಟ್ಟುಬಿಡುತ್ತಾರೆ. ಹಾಲಿನವರಿಗೆ ಫೋನ್‌ಪೇ ಮಾಡುವವರು, ಯೂಟ್ಯೂಬಿನಲ್ಲಿ ಯಕ್ಷಗಾನ ಹುಡುಕಿ ನೋಡುವವರು ಇವರೇ. ಅವರ ಅಂಜಿಕೆ ಫೋನಿನದಲ್ಲ. ಎಲ್ಲರೂ ಸೇರಿ ಬರೆಯುವ ಹಾಳೆಯನ್ನು ತಾನೆಲ್ಲಿ ಕೆಡಿಸಿಬಿಡುತ್ತೇನೋ ಎಂಬುದು. ಹಾಗಾಗಿ ಇಂಥವರ ತರಬೇತಿಯ ನಡುಭಾಗ ಶೀಟನ್ನು ಬೇಕೆಂದೇ ಕೆಡಿಸಿ ಸರಿಪಡಿಸುವುದೇ ಆಗಿರಬೇಕು.

ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ ನಾಲ್ಕು ವಾರ ಸಾಕು. ಒಬ್ಬ ತರಬೇತುದಾರರಿಗೆ ಏಳೆಂಟು ಜನಕ್ಕಿಂತ ಹೆಚ್ಚು ಬೇಡ. ಪ್ರೊಜೆಕ್ಟರ್ ಬೇಕಿಲ್ಲ, ಅವರವರ ಫೋನೇ ಪಾಠದ ಹಲಗೆ. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಕಲಿಸುವವರು ಕಲಿಯುವವರ ಫೋನ್ ಮುಟ್ಟಬಾರದು. ‘ಕೊಡಿ ಸರ್, ನಾನೇ ಮಾಡ್ತೀನಿ’ ಎಂದ ಗಳಿಗೆಯಲ್ಲಿ ಪಾಠ ನಿಂತಿತು.

ಮೊದಲ ವಾರ ಶೀಟು ತೆರೆಯುವ ಗೋಜೇ ಬೇಡ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳಲಿ. ಆಮೇಲೆ ಜಿಮೇಲ್ ತೆರೆದು ಮೇಲ್ಗಡೆಯ ದುಂಡು ಚಿತ್ರ ಒತ್ತಿದರೆ ಖಾತೆ ಯಾರ ಹೆಸರಿನಲ್ಲಿದೆ ಎಂದು ಗೊತ್ತಾಗುತ್ತದೆ. ಅಲ್ಲಿ ಮಗನ ಹೆಸರು ಬರುವುದು ಅಪರೂಪವೇನಲ್ಲ. ಸೈಬರ್ ಸೆಂಟರಿನವರು ಮಾಡಿಕೊಟ್ಟ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದ ಖಾತೆಗಳೂ ಇರುತ್ತವೆ. ಲಿಂಕ್ ಒತ್ತಿದಾಗ Request access ಎಂದು ಬಂದರೆ, ಅನುಮತಿ ಒಂದು ಖಾತೆಗೆ ಸಿಕ್ಕಿ ಫೋನು ಇನ್ನೊಂದರಲ್ಲಿ ತೆರೆದಿದೆಯೇ ಎಂದು ಮೊದಲು ನೋಡಬೇಕು. ಸ್ವಂತ ಖಾತೆ, ತಮಗೆ ಗೊತ್ತಿರುವ ಪಾಸ್‌ವರ್ಡ್ ಇಷ್ಟಾದರೆ ಮೊದಲ ವಾರ ಸಾರ್ಥಕ.

ಎರಡನೇ ವಾರ ಲಿಂಕಿಗೂ ಫೈಲಿಗೂ ಇರುವ ವ್ಯತ್ಯಾಸ. ಗುಂಪಿಗೆ ಬಂದ ಎಕ್ಸೆಲ್ ಫೈಲನ್ನು ಇಳಿಸಿಕೊಂಡು ತುಂಬಿದರೆ ಅದು ನಿಮ್ಮೊಬ್ಬರ ಪ್ರತಿ. ಹದಿನೆಂಟು ಶಾಲೆಯವರೂ ಹಾಗೆ ಮಾಡಿದರೆ ಗುಂಪಿನಲ್ಲಿ ಹದಿನೆಂಟು ಫೈಲು, ಕೂಡಿಸುವ ಕೆಲಸ ಸಿಆರ್‌ಪಿ ತಲೆಗೆ. ಲಿಂಕಿನಲ್ಲಿ ಇರುವುದು ಒಂದೇ ಹಾಳೆ, ಬರೆದದ್ದು ತಾನಾಗಿ ಉಳಿಯುತ್ತದೆ. ತಮ್ಮ ಶಾಲೆಯ ಸಾಲನ್ನು ಹೆಸರಿನಿಂದಲ್ಲ, ಯು-ಡೈಸ್ ಸಂಖ್ಯೆಯಿಂದ ಹುಡುಕುವುದು ಲೇಸು. ‘ಸ.ಕಿ.ಪ್ರಾ. ಶಾಲೆ, ಹೊಸೂರು’ ಎಂಬುದು ಎರಡು ಇದ್ದರೂ ಇರಬಹುದು.

ಮೂರನೇ ವಾರಕ್ಕೆ ಅಭ್ಯಾಸದ ಶೀಟೊಂದು ಬೇಕು. ಮೊಟ್ಟೆಯ ಅಂಕಣ C. ಮೂರರಿಂದ ಇಪ್ಪತ್ತನೇ ಸಾಲಿನವರೆಗೆ ಹದಿನೆಂಟು ಶಾಲೆ, ಅದರ ಕೆಳಗೆ ಒಟ್ಟು. ಒಟ್ಟಿನ ಮನೆಯಲ್ಲಿರುವುದು ಅಂಕಿಯಲ್ಲ, ಈ ಸೂತ್ರ:

```
=SUM(C3:C20)
```

ಈಗ ಒಬ್ಬರು ತಮ್ಮ ಮನೆಯಲ್ಲಿ 23 ಎಂದು ಬರೆಯುವ ಬದಲು ‘23 ಮೊಟ್ಟೆ’ ಎಂದು ಬರೆಯಲಿ. ಒಟ್ಟು ಮೊತ್ತ ತಟ್ಟನೆ 23 ಇಳಿಯುತ್ತದೆ, ಎಚ್ಚರಿಕೆಯ ಸಂದೇಶವೇನೂ ಬರುವುದಿಲ್ಲ. ಅಕ್ಷರ ಸೇರಿದ ಕೂಡಲೇ ಶೀಟು ಅದನ್ನು ಲೆಕ್ಕದಿಂದ ಕೈಬಿಡುತ್ತದೆ. ಕಣ್ಣಿಗೆ ಕಾಣುವ ಗುರುತೂ ಒಂದಿದೆ: ಯಾರೂ ಬದಲಿಸದ ಶೀಟಿನಲ್ಲಿ ಅಂಕಿ ಮನೆಯ ಬಲಕ್ಕೆ ಒತ್ತಿ ನಿಲ್ಲುತ್ತದೆ, ಅಕ್ಷರ ಎಡಕ್ಕೆ.

ಇನ್ನೊಬ್ಬರು ಒಟ್ಟಿನ ಮನೆಯಲ್ಲೇ ಕ್ಯಾಲ್ಕುಲೇಟರಿನಲ್ಲಿ ಕೂಡಿದ ಮೊತ್ತವನ್ನು ಬರೆಯಲಿ. ಸೂತ್ರ ಅಳಿದುಹೋಗುತ್ತದೆ. ಅಂದಿನ ಮೊತ್ತ ಸರಿಯಾಗಿಯೇ ಕಾಣುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಮರುದಿನ ಶಾಲೆಗಳ ಅಂಕಿ ಬದಲಾದರೂ ಒಟ್ಟು ಕದಲದಿದ್ದಾಗಲೇ ಅನುಮಾನ. ಆ ಮನೆಯನ್ನು ಒತ್ತಿದಾಗ ಕೆಳಗಿನ ಪಟ್ಟಿಯಲ್ಲಿ ಸಮ ಚಿಹ್ನೆಯಿಂದ ಶುರುವಾಗುವ ಸೂತ್ರ ಕಾಣಬೇಕು, ಬರೀ ಅಂಕಿ ಕಂಡರೆ ಸೂತ್ರ ಹೋಗಿದೆ ಎಂದೇ ಅರ್ಥ. ಆಗಷ್ಟೇ ಆದ ತಪ್ಪಿಗೆ ಮೇಲಿರುವ ಎಡಬಾಗಿದ ಬಾಣ ಮದ್ದು. ನಿನ್ನೆಯದಾದರೆ ಕಂಪ್ಯೂಟರಿನಲ್ಲಿ Version history ತೆರೆದು ಹಳೆಯ ರೂಪ ತರಬಹುದು. ಆದರೆ ಹಾಗೆ ತಂದರೆ ನಡುವೆ ಉಳಿದವರು ತುಂಬಿದ್ದೂ ಹಿಂದಕ್ಕೆ ಹೋಗುತ್ತದೆ. ಅದರ ಬದಲು ಹಳೆಯ ರೂಪದಲ್ಲಿ ಸೂತ್ರ ನೋಡಿಕೊಂಡು ಈಗಿನ ಹಾಳೆಯಲ್ಲಿ ಮತ್ತೆ ಬರೆಯುವುದು ಮೇಲು. ಹೀಗೆ ಕೆಡಿಸುವುದು, ಸರಿಪಡಿಸುವುದು ಪ್ರತಿಯೊಬ್ಬರ ಸರದಿಯಲ್ಲೂ ನಡೆಯಲಿ. ಅರ್ಧ ಗಂಟೆ ಹೆಚ್ಚಾದರೂ ಚಿಂತೆಯಿಲ್ಲ.

ಕೊನೆಯ ವಾರ ಪರೀಕ್ಷೆ. ಹೊಸದೊಂದು ಲಿಂಕ್ ಬರುತ್ತದೆ, ಅವರು ಮನೆಯಿಂದಲೇ ಯಾರನ್ನೂ ಕೇಳದೆ ತುಂಬಬೇಕು. ಬದಲಾವಣೆ ಅವರದೇ ಖಾತೆಯ ಹೆಸರಿನಲ್ಲಿ ದಾಖಲಾಗಿದ್ದರೆ ಪಾಸು.

ತಪ್ಪೆಲ್ಲ ತುಂಬುವವರದೇ ಎನ್ನಲಾಗದು. ಲಿಂಕ್ ಸಿಕ್ಕ ಯಾರಾದರೂ ತಿದ್ದಬಹುದಾದ ಶೀಟಿನಲ್ಲಿ ಮಕ್ಕಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಕೇಳುವುದೇ ತಪ್ಪು. ಅಂಥ ಮಾಹಿತಿ ತುಂಬಲು ಒಪ್ಪದಿರುವುದನ್ನೂ ತರಬೇತಿಯಲ್ಲಿ ಹೇಳಿಕೊಡಬೇಕು. ಲಿಂಕ್ ಕಳಿಸುವ ಸಿಆರ್‌ಪಿಗಳಲ್ಲಿ ಒಂದು ಕೋರಿಕೆ: ಕಂಪ್ಯೂಟರಿನಲ್ಲಿ Data ಮೆನುವಿನ Protect sheets and ranges ಬಳಸಿ ಒಟ್ಟಿನ ಸಾಲಿಗೆ ಬೀಗ ಹಾಕಿ, ಆಮೇಲೆ ಗುಂಪಿಗೆ ಲಿಂಕ್ ಹಾಕಿ.